ಆಲೆಮನೆಯ ಕೇಸ್ ಸ್ಟಡಿಗೆ ಕ್ಯಾಪ್ಶನ್: ಯಾವ ಅಂಕಿ ಮೊದಲ ಸಾಲಿಗೆ ಬರಬೇಕು?

ಕಾವೇರಿತೀರ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಒಬ್ಬಳೇ ಮಾರ್ಕೆಟಿಂಗ್ ಕೆಲಸ ಮಾಡುತ್ತೇನೆ. ಮಂಡ್ಯ ಜಿಲ್ಲೆಯ ಒಂದು ಆಲೆಮನೆಗೆ ನವೆಂಬರ್‌ನಿಂದ ಜನವರಿಯವರೆಗೆ ಮೂರು ತಿಂಗಳು ಜಾಹೀರಾತು ನಡೆಸಿಕೊಟ್ಟೆ. ಅವರು ಅಚ್ಚು ಬೆಲ್ಲವನ್ನು ಮಂಡಿಗೆ ಹಾಕುವುದರ ಜೊತೆಗೆ ವಾಟ್ಸಾಪ್ ಮೂಲಕ ಮನೆಗಳಿಗೆ ನೇರವಾಗಿಯೂ ಮಾರುತ್ತಾರೆ. ಈ ಕೆಲಸವನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಕೇಸ್ ಸ್ಟಡಿಯಾಗಿ ಹಾಕಬೇಕೆಂದಿದ್ದೇನೆ. ಅವರು ಬಾಯಿಮಾತಿನಲ್ಲಿ ಒಪ್ಪಿದ್ದಾರೆ. ಆರ್ಡರ್‌ಗಳ ಸಂಖ್ಯೆ ಮತ್ತು ಜಾಹೀರಾತಿನ ಖರ್ಚನ್ನು ಹೇಳಬಹುದು, ಒಟ್ಟು ಎಷ್ಟು ಹಣ ಬಂತೆಂಬುದು ಬೇಡ ಎಂದಿದ್ದಾರೆ. ಇಲ್ಲಿ ಚರ್ಚೆಗೆ ಇಡುವುದಾಗಿಯೂ ಅವರಿಗೆ ತಿಳಿಸಿದ್ದೇನೆ.

ನಾನು ಬರೆದ ಕರಡು ಹೀಗಿದೆ:

> ಮೂರೇ ತಿಂಗಳಲ್ಲಿ ಆರ್ಡರ್‌ಗಳಲ್ಲಿ 329% ಏರಿಕೆ! ಕೇವಲ 37 ರೂಪಾಯಿಗೆ ಒಬ್ಬ ಹೊಸ ಗ್ರಾಹಕ. ಸಾವಯವ ಬೆಲ್ಲದ ಈ ಆಲೆಮನೆ ಜಾಹೀರಾತಿಗೆ ಹಾಕಿದ ಹಣದ — ಪಟ್ಟು ವಹಿವಾಟು ಕಂಡಿತು. ನಿಮ್ಮ ವ್ಯಾಪಾರಕ್ಕೂ ಇದು ಸಾಧ್ಯ.

(ಪಟ್ಟಿನ ಅಂಕಿಯನ್ನು ನಂತರ ಅಳಿಸಿದ್ದೇನೆ. ಕಾರಣ ಕೆಳಗಿದೆ.)

ಲೆಕ್ಕ ಇಷ್ಟು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ 96 ಆರ್ಡರ್ ಬಂದಿದ್ದವು, ನವೆಂಬರ್‌ನಿಂದ ಜನವರಿಯವರೆಗೆ 412 ಬಂದವು. ಜಾಹೀರಾತಿಗೆ 46 ಸಾವಿರ ಖರ್ಚಾಗಿದ್ದು, ಅದರಿಂದ 1,240 ಸಂಭಾಷಣೆಗಳು ಬಂದಿವೆ ಎಂದು ಮೆಟಾದ ಪುಟ ತೋರಿಸುತ್ತದೆ. ಯಾವ ಅಂಕಿಯೂ ಸುಳ್ಳಲ್ಲ. ಆದರೂ ಇದನ್ನು ಓದಿದಾಗಲೆಲ್ಲ ಏನೋ ಸರಿಯಿಲ್ಲ ಎನ್ನಿಸುತ್ತಿದೆ. ದಯವಿಟ್ಟು ತಿದ್ದಿಕೊಡಿ.

ನೇರಮಾತು

ಅಂಕಿ ನಿಜ, ಕ್ಲೈಂಟ್ ಒಪ್ಪಿದ್ದಾರೆ, ಇನ್ನು ತಡವೇಕೆ? ಎರಡು ಸಣ್ಣ ಕೆಲಸ ಮಾಡಿ. ಕ್ಲೈಂಟ್‌ಗೆ ಹಣದ ವಿಷಯ ಹೊರಗೆ ಹೋಗುವುದು ಇಷ್ಟವಿಲ್ಲವಾದ್ದರಿಂದ ಎಲ್ಲವನ್ನೂ ಶೇಕಡಾವಾರಿನಲ್ಲೇ ಹೇಳಿ, ಆಗ ಯಾರ ಗುಟ್ಟೂ ಬಯಲಾಗುವುದಿಲ್ಲ. ಕ್ಯಾಪ್ಶನ್‌ನ ಕೊನೆಯಲ್ಲಿ ‘ಫಲಿತಾಂಶ ವ್ಯಾಪಾರದಿಂದ ವ್ಯಾಪಾರಕ್ಕೆ ಬೇರೆಯಾಗಬಹುದು’ ಎಂದು ಒಂದು ಸಾಲು ಸೇರಿಸಿ. ಬಾಯಿಮಾತಿನ ಒಪ್ಪಿಗೆಯನ್ನು ಮಾತ್ರ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಮುಂದೆ ಯಾರಾದರೂ ಪ್ರಶ್ನಿಸಿದರೆ ಅದೇ ನಿಮ್ಮ ಕೈಯಲ್ಲಿರುವ ದಾಖಲೆ.

ಯೋಗಶಾಲೆ ವಿಜಯನಗರ

ಮೇಡಂ, 37 ರೂಪಾಯಿಗೆ ಒಬ್ಬ ಗ್ರಾಹಕ ಎಂದು ಓದಿ ಬಹಳ ಸಂತೋಷವಾಯಿತು. ನಾನು ವಿಜಯನಗರ ಎರಡನೇ ಹಂತದಲ್ಲಿ ಬೆಳಗಿನ ಯೋಗ ತರಗತಿ ನಡೆಸುತ್ತೇನೆ. ನನಗೆ 50 ಮಂದಿ ಬೇಕು. 37ರಂತೆ ಲೆಕ್ಕ ಹಾಕಿದರೆ ಎರಡು ಸಾವಿರದೊಳಗೆ ಮುಗಿಯುತ್ತದೆ. ಮುಂದಿನ ತಿಂಗಳಿಂದ ನನಗೂ ಮಾಡಿಕೊಡುತ್ತೀರಾ?

ಹಳೆಯ ಜಾಹೀರಾತಿನವ (ಸರಸ್ವತಿಪುರಂ)

ಕಾವೇರಿತೀರ ಅವರೇ, ನಿಮಗೆ ಸರಿಯಿಲ್ಲ ಎನ್ನಿಸುತ್ತಿರುವುದು ಏನೆಂಬುದಕ್ಕೆ ಮೇಲಿನ ಯೋಗಶಾಲೆಯವರ ಪ್ರಶ್ನೆಯೇ ಉತ್ತರ. ಅವರು ತಪ್ಪಾಗಿ ಓದಿಕೊಂಡಿಲ್ಲ, ನೀವು ಬರೆದದ್ದನ್ನೇ ಓದಿದ್ದಾರೆ. 46 ಸಾವಿರವನ್ನು 1,240ರಿಂದ ಭಾಗಿಸಿದ್ದೀರಿ. ಆ 1,240 ಮಂದಿ ಗ್ರಾಹಕರಲ್ಲ. ಪುಟದಲ್ಲಿ ಆ ಕಲಮಿನ ಹೆಸರು `Messaging conversations started`. ಜಾಹೀರಾತನ್ನು ಒತ್ತಿ ಬಂದವರು ‘ಬೆಲೆ ಎಷ್ಟು’ ಎಂದು ಕೇಳಿ ಹೋದರೂ ಅದು ಒಂದು ಸಂಭಾಷಣೆ. ಏಳು ದಿನ ಮಾತಿಲ್ಲದೆ ಇದ್ದವರು ಮತ್ತೆ ಜಾಹೀರಾತಿನ ಮೂಲಕ ಬಂದರೆ ಅದನ್ನೂ ಹೊಸದಾಗಿ ಎಣಿಸುತ್ತಾರೆ. ಬೆಲ್ಲ ಕೊಂಡವರು ಎಷ್ಟು ಮಂದಿ ಎಂಬುದು ಆ ಪುಟಕ್ಕೆ ತಿಳಿಯುವುದೇ ಇಲ್ಲ, ಏಕೆಂದರೆ ವ್ಯಾಪಾರ ಕುದುರಿದ್ದು ವಾಟ್ಸಾಪ್‌ನ ಒಳಗೆ, ಹಣ ಬಂದದ್ದು ಯುಪಿಐಗೆ.

ಎರಡನೆಯದು 329%. ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಮೂರು ತಿಂಗಳನ್ನು ಸಂಕ್ರಾಂತಿ ಇರುವ ಮೂರು ತಿಂಗಳೊಂದಿಗೆ ಹೋಲಿಸಿದ್ದೀರಿ. ಎಳ್ಳು ಬೆಲ್ಲ ಬೀರುವ ತಿಂಗಳಲ್ಲಿ ಜಾಹೀರಾತೇ ಇಲ್ಲದಿದ್ದರೂ ಬೆಲ್ಲ ಹೆಚ್ಚು ಮಾರಾಟವಾಗುತ್ತದೆ. ಹಬ್ಬ ತಂದುಕೊಟ್ಟದ್ದನ್ನು ನಿಮ್ಮ ಲೆಕ್ಕಕ್ಕೆ ಬರೆದುಕೊಂಡಂತಾಯಿತು. ಹಿಂದಿನ ವರ್ಷದ ಇದೇ ಮೂರು ತಿಂಗಳ ಲೆಕ್ಕ ಇದ್ದರೆ ಅದರೊಂದಿಗೆ ಹೋಲಿಸಿ.

ಮೂರನೆಯದು ತುರ್ತು. ಕ್ಲೈಂಟ್ ವಹಿವಾಟಿನ ಮೊತ್ತ ಬೇಡ ಎಂದಿದ್ದಾರೆ. ನೀವು ಖರ್ಚನ್ನೂ ಹೇಳಿ, ಅದರ ಎಷ್ಟು ಪಟ್ಟು ಬಂತೆಂದೂ ಹೇಳಿದರೆ ಓದುವವರು ಗುಣಿಸುವುದೊಂದೇ ಬಾಕಿ. ಮೊದಲು ಆ ಅಂಕಿಯನ್ನು ಅಳಿಸಿ, ಆಮೇಲೆ ಉಳಿದ ಮಾತು.

ಕಾವೇರಿತೀರ (ಮೈಸೂರು)

ಸರ್, ಗುಣಿಸಿದರೆ ಸಿಗುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಈಗಲೇ ಅಳಿಸಿದೆ. ಕ್ಲೈಂಟ್‌ಗೂ ಫೋನ್ ಮಾಡಿ, ಇಷ್ಟು ಹೊತ್ತು ಆ ಅಂಕಿ ಇಲ್ಲಿತ್ತು ಎಂದು ಹೇಳಿದೆ. ಅವರು ಬೇಸರಿಸಿಕೊಳ್ಳಲಿಲ್ಲ. ‘ಇನ್ನು ಮುಂದೆ ಹಾಕುವ ಮುಂಚೆ ನನಗೆ ಒಮ್ಮೆ ಓದಿ ಹೇಳಿ ತಾಯಿ’ ಎಂದರು.

ಹಿಂದಿನ ವರ್ಷದ ಲೆಕ್ಕ ಅವರ ಪುಸ್ತಕದಲ್ಲಿದೆ. ಇದೇ ಮೂರು ತಿಂಗಳಲ್ಲಿ 158 ಆರ್ಡರ್. ಆಗ ಜಾಹೀರಾತು ಇರಲಿಲ್ಲ. ಅಂದರೆ 158ರಿಂದ 412. 329% ಎಂಬುದು 161% ಆಯಿತು.

ಯೋಗಶಾಲೆಯವರೇ, ನನ್ನ ಕ್ಯಾಪ್ಶನ್ ನಿಮಗೆ ತಪ್ಪು ಆಸೆ ಹುಟ್ಟಿಸಿತು, ಕ್ಷಮಿಸಿ. 37 ರೂಪಾಯಿಗೆ ಸಿಕ್ಕಿದ್ದು ವಿಚಾರಣೆ ಮಾತ್ರ.

ಬೆಲ್ಲದಮನೆ ಮದ್ದೂರು

ನಮ್ಮದೂ ಆಲೆಮನೆ. ತಂದೆಯವರ ಕಾಲದಿಂದ ನಡೆಸುತ್ತಿದ್ದೇವೆ. ನಾನು ಹೇಳುವುದು ಕ್ಯಾಪ್ಶನ್ ಬಗ್ಗೆ ಅಲ್ಲ, ಆದರೂ ಹೇಳಲೇಬೇಕು. ಎರಡು ವರ್ಷದ ಕೆಳಗೆ ಒಬ್ಬರು ನಮಗೂ ಹೀಗೆ ಜಾಹೀರಾತು ಮಾಡಿಕೊಟ್ಟರು. ಕೆಲಸ ಚೆನ್ನಾಗಿಯೇ ಆಯಿತು. ಆಮೇಲೆ ಒಂದು ದಿನ ನಮ್ಮ ಆಲೆಮನೆಯ ಫೋಟೊ, ಊರಿನ ಹೆಸರು, ಇಷ್ಟು ಲಕ್ಷ ವಹಿವಾಟು ಎಂದು ಹಾಕಿಬಿಟ್ಟರು. ನಮ್ಮನ್ನು ಕೇಳಲೇ ಇಲ್ಲ.

ಆ ಲಕ್ಷದಲ್ಲಿ ಕಬ್ಬು ಕಡಿದವರ ಕೂಲಿ, ಕೊರಿಯರ್, ಡಬ್ಬಿ ಎಲ್ಲ ಸೇರಿತ್ತು. ನೋಡಿದವರು ಅಷ್ಟೂ ನಮ್ಮ ಜೇಬಿಗೆ ಬಿತ್ತು ಎಂದುಕೊಂಡರು. ಕಬ್ಬು ಕೊಡುವ ಅಕ್ಕಪಕ್ಕದ ರೈತರು ಟನ್ನಿಗೆ ಹೆಚ್ಚು ಕೇಳಿದರು. ಕೇಳುವುದು ತಪ್ಪಲ್ಲ, ಅವರಿಗೆ ಕಂಡದ್ದು ಅಷ್ಟೇ. ದಾಯಾದಿಗಳಲ್ಲಿ ಪಾಲಿನ ಮಾತು ನಡೆಯುತ್ತಿದ್ದ ಸಮಯ ಬೇರೆ. ನಮ್ಮ ದೊಡ್ಡಪ್ಪನವರು ಮೊಬೈಲ್ ಹಿಡಿದುಕೊಂಡು ಬಂದು ಜಗುಲಿಯ ಮೇಲೆ ಕುಳಿತು, ‘ಇದೇನಪ್ಪ ಇದು’ ಎಂದು ಕೇಳಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಪೋಸ್ಟ್ ತೆಗೆಸಲು ಹನ್ನೊಂದು ದಿನ ಹಿಡಿಯಿತು. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಊರೆಲ್ಲ ಸುತ್ತಿತ್ತು.

ಅಕ್ಕ, ನಿಮ್ಮ ಕ್ಲೈಂಟ್ ‘ಆಯಿತು ಹಾಕಿ’ ಎಂದಿದ್ದರೆ, ಯಾವುದನ್ನು ಹಾಕುತ್ತೀರಿ ಎಂದು ನೋಡಿ ಹೇಳಿದ ಮಾತೋ, ನಿಮ್ಮ ಮೇಲಿನ ವಿಶ್ವಾಸಕ್ಕೆ ಹೇಳಿದ್ದೋ, ಅದನ್ನು ತಿಳಿದುಕೊಳ್ಳಿ.

ಹಳೆಯ ಜಾಹೀರಾತಿನವ (ಸರಸ್ವತಿಪುರಂ)

ಬೆಲ್ಲದಮನೆಯವರು ಕ್ಯಾಪ್ಶನ್ ಬಗ್ಗೆ ಅಲ್ಲ ಎಂದರು. ನನಗಂತೂ ಈ ಚರ್ಚೆಯಲ್ಲಿ ಕ್ಯಾಪ್ಶನ್‌ಗೆ ಎಲ್ಲಕ್ಕಿಂತ ಹತ್ತಿರದ ಮಾತು ಅದೇ ಎನ್ನಿಸಿತು. ಒಪ್ಪಿಗೆ ಎಂದರೆ ‘ಕೇಸ್ ಸ್ಟಡಿ ಹಾಕಿಕೊಳ್ಳಿ’ ಎಂಬ ಮಾತಲ್ಲ. ಪೋಸ್ಟ್ ಆಗುವ ಬರಹ ಅಕ್ಷರಕ್ಷರವೂ, ಚಿತ್ರಗಳೂ ಅವರ ಮುಂದಿರಬೇಕು. ಅದೂ ಅವರು ಓದುವ ಭಾಷೆಯಲ್ಲಿ. ನೇರಮಾತು ಅವರು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ ಎಂದದ್ದು ಸರಿ, ವಾಟ್ಸಾಪ್ ಸಾಕು. ಆದರೆ ಅದರಲ್ಲಿ ‘ಒಪ್ಪಿದೆ’ ಎಂಬುದೊಂದೇ ಇದ್ದರೆ ಯಾವುದಕ್ಕೆ ಒಪ್ಪಿದರು ಎಂಬುದು ತಿಳಿಯುವುದಿಲ್ಲ. ನಾನು ಕಳಿಸುವ ಸಂದೇಶ ಸಾಮಾನ್ಯವಾಗಿ ಹೀಗಿರುತ್ತದೆ:

> ನಮಸ್ಕಾರ ಸರ್. ಕೆಳಗಿನ ಬರಹ ಮತ್ತು ಈ ಎರಡು ಚಿತ್ರಗಳನ್ನು ನನ್ನ ಇನ್‌ಸ್ಟಾಗ್ರಾಮ್ ಪುಟದಲ್ಲಿ ಮಾತ್ರ ಹಾಕಬೇಕೆಂದಿದ್ದೇನೆ. ನಿಮ್ಮ ಹೆಸರು, ಊರಿನ ಹೆಸರು ಇರುವುದಿಲ್ಲ. ಇದರಲ್ಲಿರುವ ಅಂಕಿಗಳು ಮಾತ್ರ ಹೊರಗೆ ಬರುತ್ತವೆ, ಬೇರೆ ಯಾವುದೂ ಇಲ್ಲ. ಯಾವ ಸಾಲು ಬೇಡವೋ ಹೇಳಿ, ತೆಗೆಯುತ್ತೇನೆ. ಮುಂದೆ ಎಂದಾದರೂ ಬೇಡ ಎನಿಸಿದರೆ ತಿಳಿಸಿ, ಎರಡು ದಿನದೊಳಗೆ ಅಳಿಸುತ್ತೇನೆ. ಒಪ್ಪದಿದ್ದರೂ ನಮ್ಮ ಕೆಲಸಕ್ಕೆ ಯಾವ ತೊಂದರೆಯೂ ಇಲ್ಲ.

ಕೊನೆಯ ವಾಕ್ಯವನ್ನು ಬಿಡಬೇಡಿ. ನಿಮ್ಮ ಕೆಲಸ ಇನ್ನೂ ನಡೆಯುತ್ತಿರುವಾಗ ಕೇಳಿದರೆ, ಬೇಡ ಎನ್ನಲು ಸಂಕೋಚಪಟ್ಟು ಒಪ್ಪುವವರೇ ಹೆಚ್ಚು.

ಇನ್ನು ಶೇಕಡಾವಾರು ಸಾಕು ಎಂಬ ನೇರಮಾತು ಅವರ ಸಲಹೆ. ಹಣ ಬಚ್ಚಿಡಲು ಶೇಕಡಾ ಒಳ್ಳೆಯ ದಾರಿ, ಒಪ್ಪುತ್ತೇನೆ. ಆದರೆ ಶೇಕಡಾ ಒಂದೇ ಇದ್ದರೆ ಬುಡ ಕಾಣುವುದಿಲ್ಲ. ತಿಂಗಳಿಗೆ 4 ಆರ್ಡರ್ ಇದ್ದದ್ದು 16 ಆದರೂ 300% ಏರಿಕೆ. ಹೊಸದಾಗಿ ಶುರುವಾದ ವ್ಯಾಪಾರದಲ್ಲಿ ಇಂಥ ಶೇಕಡಾ ತಾನಾಗಿಯೇ ಬರುತ್ತದೆ. ನಿಮ್ಮ ಕ್ಲೈಂಟ್ ಆರ್ಡರ್ ಸಂಖ್ಯೆ ಹೇಳಬಹುದು ಎಂದಿರುವಾಗ 158, 412 ಎಂದೇ ಹೇಳಿ. ಎಷ್ಟು ಶೇಕಡಾ ಎಂಬುದನ್ನು ಬೇಕಾದವರು ತಾವೇ ಹಾಕಿಕೊಳ್ಳುತ್ತಾರೆ.

ನೇರಮಾತು

ಬುಡದ ಸಂಖ್ಯೆ ಬೇಕೆಂಬುದನ್ನು ಒಪ್ಪಿದೆ. ಆದರೆ ‘ಬೇರೆಯಾಗಬಹುದು’ ಎಂಬ ಸಾಲು ಹಾಕಿದರೆ ತಪ್ಪೇನು? ದೊಡ್ಡ ಕಂಪನಿಗಳೇ ಹಾಕುತ್ತವಲ್ಲ. ಇನ್ನೊಂದು ಮಾತು, ಕ್ಲೈಂಟ್ ಮನಸಾರೆ ಒಪ್ಪಲಿ ಎಂದರೆ ಮುಂದಿನ ತಿಂಗಳ ಶುಲ್ಕದಲ್ಲಿ ಎರಡು ಸಾವಿರ ಬಿಟ್ಟುಕೊಡಿ. ಇಬ್ಬರಿಗೂ ಲಾಭ.

ಹಳೆಯ ಜಾಹೀರಾತಿನವ (ಸರಸ್ವತಿಪುರಂ)

ಹಾಕಿದರೆ ತಪ್ಪಿಲ್ಲ, ಆದರೆ ಅದು ಮೇಲಿನ ತಪ್ಪನ್ನು ಸರಿ ಮಾಡುವುದಿಲ್ಲ. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಇದು ಸ್ಪಷ್ಟವಾಗಿದೆ. ದಾರಿತಪ್ಪಿಸುವ ಹೇಳಿಕೆಯನ್ನು ಕೆಳಗಿನ ಟಿಪ್ಪಣಿಯಿಂದ ಸರಿಪಡಿಸಲು ಹೋಗಬಾರದು, ಟಿಪ್ಪಣಿ ಹೇಳಿಕೆ ಇರುವ ಭಾಷೆಯಲ್ಲೇ ಇರಬೇಕು. ನಮ್ಮ ಕೇಸ್ ಸ್ಟಡಿಯೂ ನಮ್ಮ ಸೇವೆಯ ಜಾಹೀರಾತೇ.

ಇನ್‌ಸ್ಟಾಗ್ರಾಮ್‌ನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಬೆರಳಿನಿಂದ ತಳ್ಳುತ್ತ ಹೋಗುವವರಿಗೆ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಉಳಿದದ್ದು ಮಡಚಿಕೊಂಡಿರುತ್ತದೆ. ಇಡೀ ಕ್ಯಾಪ್ಶನ್‌ಗೆ 2,200 ಅಕ್ಷರಗಳ ಮಿತಿಯಿದ್ದರೂ ಅದನ್ನು ಬಿಡಿಸಿ ಓದುವವರು ಕಡಿಮೆ. ಕನ್ನಡದಲ್ಲಿ ಸ್ವರಚಿಹ್ನೆ, ಒತ್ತು ಎಲ್ಲವೂ ಪ್ರತ್ಯೇಕವಾಗಿ ಎಣಿಕೆಯಾಗುವುದರಿಂದ ನಮಗೆ ಜಾಗ ಇನ್ನೂ ಕಡಿಮೆ. ಹಾಗಾಗಿ ನಾನು ಪಾಲಿಸುವುದು ಇಷ್ಟೇ: ಮೊದಲ ಎರಡು ಸಾಲನ್ನು ಮಾತ್ರ ಓದಿ ಮುಂದೆ ಹೋದವರಿಗೂ ತಪ್ಪು ತಿಳಿವಳಿಕೆ ಆಗಬಾರದು. ಅಂಕಿ ಅಲ್ಲಿದ್ದರೆ, ಯಾವ ಅವಧಿ, ಯಾವುದಕ್ಕೆ ಹೋಲಿಸಿದ್ದು, ಅದರಲ್ಲಿ ನನ್ನ ಪಾಲು ಎಷ್ಟು ಎಂಬುದೂ ಅಲ್ಲೇ ಇರಬೇಕು. ಅಷ್ಟು ಹಿಡಿಸದಿದ್ದರೆ ಆ ಅಂಕಿಯನ್ನು ಕೆಳಗಿಳಿಸಿ, ಮೇಲೆ ಕೆಲಸದ ವಿಷಯ ಹೇಳಿ.

ಶುಲ್ಕ ಬಿಟ್ಟುಕೊಡುವುದು ನನಗೆ ಒಪ್ಪಿಗೆಯಿಲ್ಲ. ಬಿಟ್ಟುಕೊಟ್ಟರೆ ಕ್ಲೈಂಟ್‌ನ ಮೆಚ್ಚುಗೆಯ ಮಾತಿನ ಪಕ್ಕದಲ್ಲೇ, ಇದಕ್ಕಾಗಿ ರಿಯಾಯಿತಿ ಕೊಟ್ಟಿದ್ದೇನೆ ಎಂದು ಬರೆಯಬೇಕಾಗುತ್ತದೆ.

ಈಗ ನಿಮ್ಮ ಪಾಲಿನ ಪ್ರಶ್ನೆ. 412ರಲ್ಲಿ ಜಾಹೀರಾತಿನಿಂದ ಬಂದವು ಎಷ್ಟು? ಗುರುತಿಟ್ಟುಕೊಂಡಿದ್ದೀರಾ?

ಕಾವೇರಿತೀರ (ಮೈಸೂರು)

ಇಟ್ಟುಕೊಂಡಿದ್ದೇನೆ ಸರ್. ಜಾಹೀರಾತನ್ನು ಒತ್ತಿ ಬಂದವರ ಸಂಭಾಷಣೆಯ ಮೇಲ್ಭಾಗದಲ್ಲಿ ಆ ಜಾಹೀರಾತಿನ ತುಣುಕು ಕಾಣಿಸುತ್ತದೆ. ಹಣ ಬಂದ ಕೂಡಲೇ ಅಂಥವರಿಗೆ ವಾಟ್ಸಾಪ್ ಬಿಸಿನೆಸ್‌ನಲ್ಲಿ ಹಸಿರು ಲೇಬಲ್ ಹಾಕಿ ಎಂದು ಅವರ ಮಗಳಿಗೆ ಹೇಳಿಕೊಟ್ಟಿದ್ದೆ. ಬೇರೆ ಹೊಸಬರನ್ನು ‘ನಮ್ಮ ಬಗ್ಗೆ ಎಲ್ಲಿ ತಿಳಿಯಿತು’ ಎಂದು ಕೇಳಿ ಪುಸ್ತಕದಲ್ಲಿ ಬರೆಯುತ್ತಿದ್ದಳು. ಪಿಯುಸಿ ಓದುವ ಹುಡುಗಿ, ಒಂದು ದಿನವೂ ತಪ್ಪಿಸಲಿಲ್ಲ.

412ರಲ್ಲಿ 121 ಹಳಬರು ಮತ್ತೆ ತರಿಸಿಕೊಂಡದ್ದು. ಉಳಿದ 291 ಹೊಸಬರದು. ಅದರಲ್ಲಿ ಹಸಿರು ಲೇಬಲ್ ಇರುವುದು 173. ನೆಂಟರು, ಸ್ನೇಹಿತರು ಹೇಳಿದರು ಎಂದವರು 64 ಮಂದಿ, ಮೈಸೂರಿನ ಒಂದು ಮೇಳದಲ್ಲಿ ಹಾಕಿದ್ದ ಮಳಿಗೆಯಿಂದ ಬಂದವರು 31, ಏನೂ ಹೇಳದವರು 23.

ನಿಜ ಹೇಳುತ್ತೇನೆ, 412 ಎಂದು ಬರೆಯುವಾಗ ಇದ್ದ ಹುಮ್ಮಸ್ಸು 173 ಎಂದು ಬರೆಯುವಾಗ ಇಳಿಯಿತು.

ಲೆಕ್ಕದ ಪುಸ್ತಕ (ಮಂಡ್ಯ)

173 ಗಟ್ಟಿ ಸಂಖ್ಯೆ, ಇಳಿಯುವುದೇನೂ ಬೇಡ. ಆದರೆ ಖರ್ಚಿನ ಕಡೆ ನೋಡಿ. 46 ಸಾವಿರ ಎಂಬುದು ತೆರಿಗೆ ಸೇರದ ಮೊತ್ತವಲ್ಲವೇ? ಅದರ ಮೇಲೆ 18% ಜಿಎಸ್‌ಟಿ ಸೇರಿದರೆ 54,280 ಆಗುತ್ತದೆ. ನಿಮ್ಮ ಕ್ಲೈಂಟ್ ಜಿಎಸ್‌ಟಿ ನೋಂದಣಿ ಮಾಡಿಸಿಲ್ಲದಿದ್ದರೆ ಆ ತೆರಿಗೆ ಅವರಿಗೆ ಮರಳಿ ಬರುವುದಿಲ್ಲ, ಅದು ಪೂರ್ತಿ ಖರ್ಚೇ. ನಿಮ್ಮ ಶುಲ್ಕ ಎಷ್ಟೆಂದು ನನಗೆ ತಿಳಿಯದು. ಅದೂ ಅವರ ಜೇಬಿನಿಂದ ಹೋದದ್ದೇ. ಅದನ್ನು ಬಿಟ್ಟು ಲೆಕ್ಕ ಹೇಳುವ ಅಭ್ಯಾಸ ನಿಮ್ಮ ಕ್ಷೇತ್ರದಲ್ಲಿ ಎಲ್ಲೆಡೆ ಇದೆ, ನನಗೆ ಅದು ಒಪ್ಪಿಗೆಯಾಗುವುದೇ ಇಲ್ಲ.

ಕಾವೇರಿತೀರ (ಮೈಸೂರು)

ನನ್ನ ಶುಲ್ಕ ತಿಂಗಳಿಗೆ 12 ಸಾವಿರ, ಮೂರು ತಿಂಗಳಿಗೆ 36 ಸಾವಿರ. ಅವರಿಗೆ ನೋಂದಣಿ ಇಲ್ಲ. ಹಾಗಾದರೆ ಒಟ್ಟು 90,280.

ಲೆಕ್ಕದ ಪುಸ್ತಕ (ಮಂಡ್ಯ)

173ರಿಂದ ಭಾಗಿಸಿದರೆ ಒಬ್ಬ ಹೊಸ ಗ್ರಾಹಕರಿಗೆ ಸುಮಾರು 522 ರೂಪಾಯಿ. ಯೋಗಶಾಲೆಯವರು 37 ಎಂದುಕೊಂಡದ್ದು ಇದು.

ಮುಂದಿನ ಪ್ರಶ್ನೆಗೆ ಉತ್ತರವನ್ನು ಇಲ್ಲಿ ಬರೆಯಬೇಡಿ, ಅದು ಅವರ ಮನೆಯ ಲೆಕ್ಕ. ಒಂದು ಆರ್ಡರ್‌ನಲ್ಲಿ ಬೆಲ್ಲದ ಮಂಡಿ ಬೆಲೆ, ಡಬ್ಬಿ, ಕೊರಿಯರ್ ಎಲ್ಲ ಕಳೆದು ಅವರಿಗೆ ಉಳಿಯುವುದೆಷ್ಟು? ಮಂಡಿ ಬೆಲೆಯನ್ನು ಏಕೆ ಕಳೆಯಬೇಕೆಂದರೆ, ಈ ಗ್ರಾಹಕರಿಲ್ಲದಿದ್ದರೂ ಆ ಬೆಲ್ಲ ಮಂಡಿಗೆ ಹೋಗಿ ಅಷ್ಟು ಹಣ ತರುತ್ತಿತ್ತು. ಉದಾಹರಣೆಗೆ 340 ಎಂದಿಟ್ಟುಕೊಳ್ಳೋಣ, ಇದು ನಾನೇ ಊಹಿಸಿದ ಅಂಕಿ. 173 ಆರ್ಡರ್‌ಗೆ 58,820. ಖರ್ಚು 90,280. ಅಂದರೆ ಮೊದಲ ಸುತ್ತಿನಲ್ಲಿ 31 ಸಾವಿರಕ್ಕೂ ಹೆಚ್ಚು ಕಡಿಮೆ ಬೀಳುತ್ತದೆ. ಹಾಕಿದ ಹಣ ಹುಟ್ಟಬೇಕಾದರೆ ಇವರಿಂದಲೇ ಇನ್ನೂ 93 ಆರ್ಡರ್ ಬರಬೇಕು. ನಿಮ್ಮ ನಿಜವಾದ ಅಂಕಿಯನ್ನು ಹಾಕಿಕೊಂಡು ನೋಡಿ.

ಕಾವೇರಿತೀರ (ಮೈಸೂರು)

ನೋಡಿದೆ. ನಿಜವಾದ ಅಂಕಿ ಬೇರೆ, ಆದರೆ ಕಥೆ ಅದೇ. ಮೊದಲ ಆರ್ಡರ್‌ಗಳಲ್ಲಿ ಹಣ ಹುಟ್ಟಿಲ್ಲ. ಈ 173 ಮಂದಿಯಲ್ಲಿ 41 ಮಂದಿ ಫೆಬ್ರವರಿ ಮುಗಿಯುವುದರೊಳಗೆ ಎರಡನೇ ಸಲ ತರಿಸಿಕೊಂಡಿದ್ದಾರೆ. ಅದನ್ನು ಸೇರಿಸಿದರೂ ಇನ್ನೂ ಸ್ವಲ್ಪ ಕಡಿಮೆಯಿದೆ. ಕ್ಲೈಂಟ್‌ಗೆ ಇದು ಮೊದಲೇ ಗೊತ್ತಿತ್ತು. ‘ಗಿರಾಕಿ ಕೂಡಿಸುವ ವರ್ಷ ಇದು’ ಎಂದೇ ಅವರು ಶುರು ಮಾಡಿದ್ದು. ಗೊತ್ತಿಲ್ಲದೆ ಇದ್ದವಳು ನಾನು. ಇದನ್ನು ಕ್ಯಾಪ್ಶನ್‌ನಲ್ಲಿ ಹೇಳಬೇಕೇ?

ನೇರಮಾತು

ಇದನ್ನು ಹೇಳಿದರೆ ಅದು ಕೇಸ್ ಸ್ಟಡಿಯಾಗಿ ಉಳಿಯುವುದಿಲ್ಲ. ನಿಮ್ಮ ಮುಂದಿನ ಕ್ಲೈಂಟ್ ಅದನ್ನು ಓದಿ ಪಕ್ಕದವರ ಹತ್ತಿರ ಹೋಗುತ್ತಾರೆ. ಪಕ್ಕದವರು 329% ಎಂದೇ ಬರೆದಿರುತ್ತಾರೆ. ಸುಳ್ಳು ಹೇಳಬೇಡಿ ಎಂಬುದು ಸರಿ, ಆದರೆ ಎಲ್ಲವನ್ನೂ ಹೇಳಲೇಬೇಕೆಂಬ ನಿಯಮ ಎಲ್ಲಿದೆ?

ಲೆಕ್ಕದ ಪುಸ್ತಕ (ಮಂಡ್ಯ)

ಫಲಿತಾಂಶ ಎಂದು ತಲೆಬರಹ ಕೊಟ್ಟ ಮೇಲೆ ಹೇಳಲೇಬೇಕು. ಆರ್ಡರ್ ಹೆಚ್ಚಿತು ಎಂದರೆ ಓದುವ ವ್ಯಾಪಾರಿ ಲಾಭ ಹೆಚ್ಚಿತು ಎಂದೇ ತಿಳಿಯುತ್ತಾನೆ.

ಹಳೆಯ ಜಾಹೀರಾತಿನವ (ಸರಸ್ವತಿಪುರಂ)

ಇದರಲ್ಲಿ ನಾನು ಲೆಕ್ಕದ ಪುಸ್ತಕದವರಷ್ಟು ಕಟ್ಟುನಿಟ್ಟಲ್ಲ. ಲಾಭದ ಮಾತೇ ಎತ್ತದೆ, ‘ಹೊಸ ಗ್ರಾಹಕರು ಎಷ್ಟು, ಒಬ್ಬರಿಗೆ ಒಟ್ಟು ಖರ್ಚೆಷ್ಟು’ ಎಂಬಲ್ಲಿಗೆ ನಿಲ್ಲಿಸಿದರೂ ಅದು ಪ್ರಾಮಾಣಿಕವೇ. ಓದುವವನಿಗೆ ತನ್ನ ಉಳಿಕೆ ಎಷ್ಟೆಂದು ತಿಳಿದಿರುತ್ತದೆ, 522ನ್ನು ಅದರ ಪಕ್ಕದಲ್ಲಿಟ್ಟು ನೋಡುತ್ತಾನೆ. ಹೇಳಿದರೆ ಇನ್ನೂ ಒಳ್ಳೆಯದು, ಆದರೆ ಅದಕ್ಕೆ ಕ್ಲೈಂಟ್‌ನ ಒಪ್ಪಿಗೆ ಬೇಕೇ ಬೇಕು. ‘ಹಣ ಹುಟ್ಟಿಲ್ಲ’ ಎಂಬುದು ನಿಮ್ಮ ಅಂಕಿಗಿಂತ ಹೆಚ್ಚಾಗಿ ಅವರ ಮನೆಯ ಸುದ್ದಿ.

ಇನ್ನೆರಡು ಸಣ್ಣ ಸಂಗತಿ. ವಾಟ್ಸಾಪ್ ಸಂಭಾಷಣೆಯ ಸ್ಕ್ರೀನ್‌ಶಾಟ್ ಹಾಕುವ ಯೋಚನೆ ಇದ್ದರೆ ಬೇಡ. ಬೆಲ್ಲ ಕೊಂಡವರ ಹೆಸರು, ನಂಬರ್, ವಿಳಾಸ ತೋರಿಸಲು ಆಲೆಮನೆಯವರು ಒಪ್ಪಿಗೆ ಕೊಡಲಾರರು, ಅದು ಅವರದ್ದಲ್ಲ. ಮತ್ತೆ 64 ಮಂದಿ ನೆಂಟರಿಂದ ತಿಳಿಯಿತು ಎಂದರಲ್ಲ, ಆ ನೆಂಟರು ಜಾಹೀರಾತು ನೋಡಿಯೂ ಹೇಳಿರಬಹುದು. ಅದನ್ನು ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳುವ ಆಸೆ ಬರುತ್ತದೆ. ಸೇರಿಸಬೇಡಿ, ತೋರಿಸಿಕೊಡಲು ಸಾಧ್ಯವಿಲ್ಲದ್ದು ಅದು.

ಕಾವೇರಿತೀರ (ಮೈಸೂರು)

ನಿನ್ನೆ ಆಲೆಮನೆಗೇ ಹೋಗಿ ಬಂದೆ. ಕ್ಯಾಪ್ಶನ್‌ನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿಕೊಂಡು ಹೋಗಿದ್ದೆ. ಕೊಪ್ಪರಿಗೆಯಲ್ಲಿ ಪಾಕ ಉಕ್ಕುತ್ತಿತ್ತು, ಅದನ್ನು ಬಿಟ್ಟು ಬರುವಂತಿರಲಿಲ್ಲ. ಪಾಕ ಹದಕ್ಕೆ ಬಂದು ದೋಣಿಗೆ ಸುರಿಯುವವರೆಗೆ ಕಾದೆ. ಆಮೇಲೆ ಅವರು ಕೈ ತೊಳೆದು, ಟವೆಲಿನಿಂದ ಒರೆಸಿಕೊಂಡು, ಹಾಳೆಯನ್ನು ಬೆಳಕಿಗೆ ಹಿಡಿದು ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದರು.

ಅವರ ಬೆರಳು ಮೊದಲು ನಿಂತದ್ದು ಯಾವ ಅಂಕಿಯ ಮೇಲೂ ಅಲ್ಲ, ‘ಸಾವಯವ’ ಎಂಬ ಪದದ ಮೇಲೆ. ‘ಇದನ್ನು ಯಾರು ಬರೆದರು?’ ಎಂದರು. ನಾನೇ ಎಂದೆ. ‘ನಾವು ಹೈಡ್ರೋಸ್ ಹಾಕುವುದಿಲ್ಲ, ಅದಕ್ಕೇ ಬೆಲ್ಲ ಕಪ್ಪಗಿದೆ. ಆದರೆ ಕಬ್ಬಿಗೆ ಯೂರಿಯಾ ಹಾಕುತ್ತೇವೆ. ಕೊರಿಯರ್ ಡಬ್ಬಿಯ ಮೇಲೂ ಸಾವಯವ ಎಂದು ನಾನು ಬರೆಸಿಲ್ಲ’ ಎಂದರು. ಮೂರು ತಿಂಗಳು ಅವರ ಜಾಹೀರಾತು ನಡೆಸಿದ ನಾನು ಒಮ್ಮೆಯೂ ಇದನ್ನು ಕೇಳಿರಲಿಲ್ಲ. ಜಾಹೀರಾತುಗಳಲ್ಲಿ ‘ಹೈಡ್ರೋಸ್ ಇಲ್ಲದ’ ಎಂದೇ ಇತ್ತು, ಅದು ಅವರ ಮಗಳು ಬರೆದುಕೊಟ್ಟದ್ದು. ಕೇಸ್ ಸ್ಟಡಿಗೆ ಬರುವಷ್ಟರಲ್ಲಿ ನನ್ನ ಕೈಯಲ್ಲಿ ಅದು ಸಾವಯವ ಆಗಿಬಿಟ್ಟಿತ್ತು. ಆ ಪದವನ್ನು ಅಲ್ಲೇ ಹೊಡೆದುಹಾಕಿದೆ.

ಹೆಸರು, ಊರು ಬೇಡ ಎಂದರು. ತಾಲ್ಲೂಕೂ ಬೇಡ, ಜಿಲ್ಲೆ ಸಾಕು ಎಂದರು, ಏಕೆಂದರೆ ಆ ಭಾಗದಲ್ಲಿ ಮನೆಗಳಿಗೆ ಬೆಲ್ಲ ಕಳಿಸುವವರು ಕೆಲವರೇ. ಕೊಪ್ಪರಿಗೆಯ ಫೋಟೊದಲ್ಲಿ ಹಿಂದೆ ದೇವಸ್ಥಾನದ ಗೋಪುರ ಕಾಣುತ್ತಿತ್ತು, ಅದನ್ನು ಅವರ ಮಗಳು ಗುರುತಿಸಿದಳು. ಅಚ್ಚಿನ ಹತ್ತಿರದ ಫೋಟೊ ಮಾತ್ರ ಉಳಿಸಿದ್ದೇನೆ. ಹಣ ಹುಟ್ಟಿಲ್ಲ ಎಂಬ ಸಾಲಿನ ಬಗ್ಗೆ ಕೇಳಿದೆ. ತುಸು ಹೊತ್ತು ಸುಮ್ಮನಿದ್ದು, ‘ಇನ್ನೂ ಹುಟ್ಟಿಲ್ಲ ಎಂದು ಬರೆಯಿರಿ, ಇನ್ನೂ ಎಂಬುದನ್ನು ಬಿಡಬೇಡಿ’ ಎಂದರು. ಸರ್ ಕೊಟ್ಟ ಸಂದೇಶವನ್ನು ಕಳಿಸಿದೆ. ‘ಓದಿದ್ದೇನೆ, ಈ ಬರಹಕ್ಕೆ ಒಪ್ಪಿಗೆ ಇದೆ’ ಎಂಬ ಉತ್ತರ ರಾತ್ರಿ ಬಂತು.

ಈಗಿನ ಕ್ಯಾಪ್ಶನ್:

> ಮಂಡ್ಯ ಜಿಲ್ಲೆಯ ಒಂದು ಆಲೆಮನೆ, ನವೆಂಬರ್–ಜನವರಿ. ಹಿಂದಿನ ವರ್ಷ 158 ಆರ್ಡರ್, ಈ ವರ್ಷ 412. ಜಾಹೀರಾತಿನಿಂದ ಬಂದವು 173.
>
> ಉಳಿದವು ಹಳೆಯ ಗ್ರಾಹಕರು, ಪರಿಚಯದವರ ಮಾತು ಮತ್ತು ಮೇಳದ ಮಳಿಗೆಯಿಂದ ಬಂದವು. ಕೆಲವರು ಎಲ್ಲಿಂದ ತಿಳಿಯಿತೆಂದು ಹೇಳಲಿಲ್ಲ. ಸಂಕ್ರಾಂತಿ ಇದ್ದ ಕಾರಣ ಹಿಂದಿನ ವರ್ಷದ ಇದೇ ತಿಂಗಳುಗಳೊಂದಿಗೆ ಹೋಲಿಸಿದ್ದೇನೆ.
>
> ತೆರಿಗೆ ಸೇರಿ ಜಾಹೀರಾತಿಗೆ 54,280, ನನ್ನ ಶುಲ್ಕ 36,000. ಒಬ್ಬ ಹೊಸ ಗ್ರಾಹಕರಿಗೆ ಸುಮಾರು 522 ರೂಪಾಯಿ. ಈ ಖರ್ಚು ಇನ್ನೂ ಪೂರ್ತಿ ಹುಟ್ಟಿಲ್ಲ. 173 ಮಂದಿಯಲ್ಲಿ 41 ಮಂದಿ ಫೆಬ್ರವರಿಯೊಳಗೆ ಮತ್ತೊಮ್ಮೆ ತರಿಸಿಕೊಂಡಿದ್ದಾರೆ.
>
> ನಾನು ಮಾಡಿದ ಕೆಲಸ: ಪಾಕ ಸುರಿಯುವ ಎರಡು ವಿಡಿಯೊ, ಮೈಸೂರು–ಬೆಂಗಳೂರಿಗೆ ಮಾತ್ರ ಜಾಹೀರಾತು, ಬಂದ ಆರ್ಡರ್ ಎಲ್ಲಿಂದ ಬಂತೆಂದು ಬರೆದಿಡುವ ಪದ್ಧತಿ. ಮಾಲೀಕರು ಈ ಬರಹವನ್ನು ಓದಿ ಒಪ್ಪಿದ್ದಾರೆ. ಅವರ ಕೋರಿಕೆಯಂತೆ ಹೆಸರು ಹಾಕಿಲ್ಲ.

ಬೆಲ್ಲದಮನೆ ಮದ್ದೂರು

ಅಕ್ಕ, ‘ಇನ್ನೂ’ ಎಂಬ ಪದ ಓದಿ ನಮ್ಮ ತಂದೆಯವರಿಗೂ ತೋರಿಸಿದೆ. ಇಂಥ ಬರಹವಾಗಿದ್ದರೆ ನಾವೂ ಒಪ್ಪುತ್ತಿದ್ದೆವು ಎಂದರು.

ನೇರಮಾತು

ನಾನು ಈಗಲೂ ಆ ಒಂದು ಸಾಲನ್ನು ಬಿಡುತ್ತಿದ್ದೆ. ಮೂರನೇ ಪರಿಚ್ಛೇದದವರೆಗೆ ಬರುವ ವ್ಯಾಪಾರಿ ಅಲ್ಲಿಗೇ ನಿಲ್ಲುತ್ತಾನೆ ಎಂಬುದು ನನ್ನ ಅನುಭವ. ಆದರೆ 173ನ್ನು ಮೊದಲ ಸಾಲಿಗೆ ತಂದದ್ದು ಚೆನ್ನಾಗಿದೆ.

ಲೆಕ್ಕದ ಪುಸ್ತಕ (ಮಂಡ್ಯ)

ಒಂದು ತಿದ್ದುಪಡಿ. ‘ತೆರಿಗೆ ಸೇರಿ’ ಎಂಬುದು ಶುಲ್ಕಕ್ಕೂ ಅನ್ವಯಿಸುವಂತೆ ಓದಿಕೊಳ್ಳಬಹುದು. ನಿಮಗೆ ನೋಂದಣಿ ಇಲ್ಲದಿದ್ದರೆ ಶುಲ್ಕದ ಮೇಲೆ ತೆರಿಗೆ ಇಲ್ಲ. ‘ಜಾಹೀರಾತಿಗೆ ತೆರಿಗೆ ಸೇರಿ 54,280, ಜೊತೆಗೆ ನನ್ನ ಶುಲ್ಕ 36,000’ ಎಂದು ಮಾಡಿ.

ಯೋಗಶಾಲೆ ವಿಜಯನಗರ

522 ಎಂದರೆ ನನ್ನ 50 ಮಂದಿಗೆ 26 ಸಾವಿರ. ನನ್ನ ತಿಂಗಳ ಶುಲ್ಕ 900, ಹೆಚ್ಚಿನವರು ಮೂರು ತಿಂಗಳು ಇರುತ್ತಾರೆ. ಆಗಬಹುದು ಎನ್ನಿಸುತ್ತದೆ. ಆದರೆ ಯೋಗಕ್ಕೂ ಬೆಲ್ಲದಷ್ಟೇ ಆಗುತ್ತದೆಯೇ ಮೇಡಂ?

ಕಾವೇರಿತೀರ (ಮೈಸೂರು)

ಅದನ್ನು ಈ 522ರಿಂದ ಹೇಳಲಾಗುವುದಿಲ್ಲ ಸರ್. ಬೆಲ್ಲ ಬೆಂಗಳೂರಿಗೂ ಹೋಗುತ್ತದೆ, ನಿಮ್ಮ ತರಗತಿಗೆ ಬೆಳಗ್ಗೆ ನಡೆದು ಬರುವವರು ವಿಜಯನಗರದ ಸುತ್ತಮುತ್ತಲಿನವರು ಮಾತ್ರ. ಮೊದಲು ಐದು ಸಾವಿರದಲ್ಲಿ ಎರಡು ವಾರ ನಡೆಸಿ ನೋಡೋಣ. ವಿಚಾರಿಸಿದವರು ಎಷ್ಟು, ಬಂದು ಸೇರಿದವರು ಎಷ್ಟು ಎಂದು ನೀವೇ ಪುಸ್ತಕದಲ್ಲಿ ಬರೆದಿಡಿ.

ಲೆಕ್ಕದ ಪುಸ್ತಕದವರೇ, ನನಗೆ ನೋಂದಣಿ ಇಲ್ಲ, ಸಾಲನ್ನು ನೀವು ಹೇಳಿದಂತೆ ತಿದ್ದಿದ್ದೇನೆ. ತಿದ್ದಿದ ಹಾಳೆಯನ್ನು ಅವರಿಗೆ ಮತ್ತೆ ಕಳಿಸಿದ್ದೇನೆ. ಇವತ್ತು ಕಬ್ಬು ಕಡಿಯುವ ದಿನ, ಸಂಜೆ ಓದಿ ಹೇಳುತ್ತೇನೆ ಎಂದಿದ್ದಾರೆ. ಅವರು ಹೇಳಿದ ಮೇಲೆ ಹಾಕುತ್ತೇನೆ.